ನದಿ ವ್ಯಕ್ತಿಯೋ, ಜೀವರಾಶಿಯೋ?

2017ರ ಮಾರ್ಚ್ 20ರಂದು ಉತ್ತರಾಖಂಡದ ಹೈಕೋರ್ಟ್ ಒಂದು ಅಪೂರ್ವವಾದ ತೀರ್ಪನ್ನಿತ್ತಿತು. ಗಂಗೆ, ಯಮುನೆ, ಅವುಗಳ ಉಪನದಿಗಳು ಹಾಗೂ ತೊರೆಗಳೆಲ್ಲವೂ ಕಾನೂನಿನ ದೃಷ್ಟಿಯಲ್ಲಿ ಜೀವಂತ ವ್ಯಕ್ತಿಗಳು. ಮನುಷ್ಯನಿಗಿರುವ ಹಕ್ಕು, ಕರ್ತವ್ಯ ಮತ್ತು ಹೊಣೆಗಳೆಲ್ಲ ಅವುಗಳಿಗೂ ಉಂಟು ಎಂಬುದು ಆ ತೀರ್ಪಿನ ಸಾರ. ಹತ್ತು ದಿನಗಳ ನಂತರ ಅದೇ ನ್ಯಾಯಾಲಯವು ಗಂಗೋತ್ರಿ, ಯಮುನೋತ್ರಿಗಳ ಹಿಮನದಿಗಳಿಗೂ, ಸರೋವರ, ಗಾಳಿ, ಕಾಡು, ಹುಲ್ಲುಗಾವಲು, ಚಿಲುಮೆ, ಜಲಪಾತಗಳಿಗೂ ಅದೇ ಸ್ಥಾನವನ್ನು ವಿಸ್ತರಿಸಿತು. ಭಕ್ತರು ಹರ್ಷಪಟ್ಟರು. ಪರಿಸರದ ಬಗ್ಗೆ ಕಾಳಜಿಯುಳ್ಳವರು ಭರವಸೆ ತಳೆದರು. ಆದರೆ ಆ ವರ್ಷದ ಜುಲೈ 7ರಂದು ಸುಪ್ರೀಂ ಕೋರ್ಟ್ ಮೊದಲನೆಯ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಜೈನ ಶಾಸ್ತ್ರದ ಪರಿಚಯವುಳ್ಳವನು ಈ ಎರಡನೆಯ ಪಟ್ಟಿಯನ್ನು ಓದಿದಾಗ ಅವನಿಗೆ ಪರಿಚಿತವಾದುದೊಂದು ಕಾಣಿಸದಿರದು. ಪೃಥ್ವೀಕಾಯಿಕ, ಜಲಕಾಯಿಕ, ಅಗ್ನಿಕಾಯಿಕ, ವಾಯುಕಾಯಿಕ, ವನಸ್ಪತಿಕಾಯಿಕ ಎಂದು ಸ್ಥಾವರ ಜೀವಗಳನ್ನು ಐದು ಬಗೆಯಾಗಿ ಹೇಳುವುದು ಆಗಮದ ಪರಿಪಾಟಿ. ನ್ಯಾಯಾಲಯದ ಪಟ್ಟಿಯಲ್ಲಿ ನೀರು, ಗಾಳಿ, ಸಸ್ಯ, ನೆಲ ಎಲ್ಲವೂ ಬಂದಿವೆ, ಅಗ್ನಿಯೊಂದೇ ಉಳಿದಿದೆ. ಹಾಗಿದ್ದರೆ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಜಿನಾಗಮ ಹೇಳುತ್ತ ಬಂದುದನ್ನೇ ಕಾನೂನು ಈಗ ಒಪ್ಪಿಕೊಂಡಿತೆಂದು ಸಂತೋಷಪಡಬಹುದೇ? ಹಾಗೆ ಭಾವಿಸುವುದು ಸುಲಭ. ಆದರೆ ಎರಡೂ ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅವು ಬೇರೆಬೇರೆ ದಾರಿಯಲ್ಲಿ ನಡೆಯುವುದು ತಿಳಿಯುತ್ತದೆ. ಆ ವ್ಯತ್ಯಾಸವನ್ನು ಅರಿತಾಗಲೇ ನದಿಗೆ ಕಾನೂನಿನಿಂದ ಏನು ದೊರೆಯಬಹುದು, ಧರ್ಮದಿಂದ ಏನು ದೊರೆಯಬೇಕು ಎಂಬುದು ಸ್ಪಷ್ಟವಾಗುತ್ತದೆ.

ಮನುಷ್ಯನಲ್ಲದುದನ್ನು ವ್ಯಕ್ತಿಯೆಂದು ಎಣಿಸುವುದು ಕಾನೂನಿಗೆ ಹೊಸತಲ್ಲ. ಒಂದು ಕಂಪನಿ ತನ್ನ ಹೆಸರಿನಲ್ಲಿ ಆಸ್ತಿ ಕೊಳ್ಳುತ್ತದೆ, ದಾವೆ ಹೂಡುತ್ತದೆ. ದೇವಾಲಯದ ವಿಗ್ರಹದ ವಿಷಯವೂ ಹಾಗೆಯೇ. ಕೊಲ್ಕತ್ತದ ಮಲ್ಲಿಕ್ ಮನೆತನದಲ್ಲಿ ಕುಲದೇವತೆಯ ವಿಗ್ರಹವನ್ನು ಪೂಜೆಯ ಸರದಿ ಬಂದವರು ತಮ್ಮ ಮನೆಗೆ ಕೊಂಡೊಯ್ಯಬಹುದೇ ಎಂಬ ವ್ಯಾಜ್ಯ ಹುಟ್ಟಿ, ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. 1925ರ ತೀರ್ಪಿನಲ್ಲಿ ಆ ನ್ಯಾಯಪೀಠವು ವಿಗ್ರಹವನ್ನು ಮನೆಯ ಸಾಮಾನಿನಂತೆ ಕಾಣಲಾಗದು, ಅದಕ್ಕೂ ತನ್ನದೇ ಆದ ಇಚ್ಛೆಯಿದೆಯೆಂದು ಭಾವಿಸಿ, ಅದರ ಪರವಾಗಿ ಮಾತನಾಡಲು ನಿಷ್ಪಕ್ಷಪಾತಿಯಾದ ಒಬ್ಬನನ್ನು ನೇಮಿಸಬೇಕೆಂದಿತು. 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟ್ ಗುರು ಗ್ರಂಥ ಸಾಹಿಬ್‌ಗೂ ವ್ಯಕ್ತಿಯ ಸ್ಥಾನ ನೀಡಿತು. ಉತ್ತರಾಖಂಡದ ನ್ಯಾಯಾಲಯವು ಇಂಥ ತೀರ್ಪುಗಳ ಆಧಾರದ ಮೇಲೆಯೇ ಮುಂದಿನ ಹೆಜ್ಜೆಯಿಟ್ಟಿತು: ಕೋಟ್ಯಂತರ ಜನರಿಗೆ ಗಂಗೆ, ಯಮುನೆಯರು ಪೂಜ್ಯರು, ಆದ್ದರಿಂದ ಅವರೂ ವ್ಯಕ್ತಿಗಳು.

ಇಲ್ಲಿ ನಿಂತು ಯೋಚಿಸಬೇಕಾದ ಮಾತೊಂದಿದೆ. ಈ ತರ್ಕದಲ್ಲಿ ನದಿಯ ಸ್ಥಾನಕ್ಕೆ ಕಾರಣ ಜನರ ಶ್ರದ್ಧೆ. ಜನ ಪೂಜಿಸದ ನದಿಗೆ, ಊರಾಚೆಯ ಹಳ್ಳಕ್ಕೆ, ಹೆಸರಿಲ್ಲದ ಕೆರೆಗೆ ಈ ದಾರಿಯಲ್ಲಿ ರಕ್ಷಣೆ ದೊರೆಯುವುದು ಕಷ್ಟ. ಜೈನ ದೃಷ್ಟಿ ಇದಕ್ಕೆ ನೇರ ವಿರುದ್ಧವಾದುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂರು ಮೂಢತೆಗಳನ್ನು ವಿವರಿಸುವಾಗ, ನದಿಯಲ್ಲಿಯೋ ಸಮುದ್ರದಲ್ಲಿಯೋ ಮಿಂದರೆ ಧರ್ಮವಾಗುತ್ತದೆಂಬ ನಂಬಿಕೆಯನ್ನು ಲೋಕಮೂಢತೆಯೆಂದು ಎಣಿಸುತ್ತಾರೆ. ಅವರ ಮಟ್ಟಿಗೆ ನೀರು ಪಾಪವನ್ನು ತೊಳೆಯುವ ದೇವತೆಯಲ್ಲ. ಆದರೂ ಅದೇ ಪರಂಪರೆ ಒಂದೇ ಒಂದು ಹನಿ ನೀರಿನಲ್ಲಿ ಅಸಂಖ್ಯಾತ ಜಲಕಾಯಿಕ ಜೀವಗಳಿವೆಯೆಂದು ಹೇಳಿ, ಅದನ್ನು ವೃಥಾ ಚೆಲ್ಲಬಾರದೆಂದು ಶ್ರಾವಕನನ್ನು ಎಚ್ಚರಿಸುತ್ತದೆ. ನದಿಗೆ ಪಾವಿತ್ರ್ಯವನ್ನು ಆರೋಪಿಸದೆಯೂ ಅದರ ವಿಷಯದಲ್ಲಿ ಇಷ್ಟು ಸೂಕ್ಷ್ಮವಾಗಿರಲು ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಗಂಗೆಯ ಹನಿಯಲ್ಲಿರುವಷ್ಟೇ ಜೀವ ಹಿತ್ತಲಿನ ಬಾವಿಯ ಹನಿಯಲ್ಲಿಯೂ ಇದೆ.

ಎರಡನೆಯ ವ್ಯತ್ಯಾಸ ಇನ್ನೂ ಆಳವಾದುದು. ಕಾನೂನು ನದಿಯನ್ನು ಒಂದು ವ್ಯಕ್ತಿಯೆಂದು ಎಣಿಸುತ್ತದೆ; ಆಗಮದ ಪ್ರಕಾರ ನದಿ ಒಂದು ಜೀವವಲ್ಲ, ಎಣಿಕೆಗೆ ಸಿಗದ ಜೀವರಾಶಿ. ಆ ಜೀವಗಳಿಗೆ ಸ್ಪರ್ಶನೇಂದ್ರಿಯವೊಂದೇ ಇದೆ, ಮನಸ್ಸಿಲ್ಲ. ಅವು ವ್ರತವನ್ನು ಸ್ವೀಕರಿಸಲಾರವು, ಒಪ್ಪಂದ ಮಾಡಿಕೊಳ್ಳಲಾರವು. ಹಕ್ಕನ್ನು ಕೇಳಲಾರವು, ಕರ್ತವ್ಯವನ್ನು ಹೊರಲಾರವು. ಆದರೆ ಅಹಿಂಸೆಗೆ ಪಾತ್ರವಾಗಲು ಇಂಥ ಯಾವ ಯೋಗ್ಯತೆಯೂ ಬೇಕಿಲ್ಲ. ಕಾನೂನಿನಲ್ಲಿ ಹಕ್ಕು ಮತ್ತು ಹೊಣೆಗಳು ಜೊತೆಜೊತೆಯಾಗಿ ಬರುತ್ತವೆ. ಅಹಿಂಸಾವ್ರತದಲ್ಲಿ ಹೊಣೆಯೆಲ್ಲ ಒಂದೇ ಕಡೆ, ಬುದ್ಧಿಯಿರುವ ಮನುಷ್ಯನ ಮೇಲೆ, ಇರುತ್ತದೆ.

ಹಾಗೆಂದು ಕಾನೂನಿನ ಮಾತು ಸುಳ್ಳೆಂದು ತಳ್ಳಿಹಾಕುವುದು ಅನೇಕಾಂತಕ್ಕೆ ತಕ್ಕುದಲ್ಲ. ನಿಶ್ಚಯನಯ, ವ್ಯವಹಾರನಯಗಳ ಭೇದವನ್ನು ತಿಳಿಸಲು ಆಚಾರ್ಯರು ತುಪ್ಪದ ಕೊಡದ ದೃಷ್ಟಾಂತವನ್ನು ಬಳಸುತ್ತಾರೆ. ತುಪ್ಪ ತುಂಬಿದ ಮಣ್ಣಿನ ಕೊಡವನ್ನು ಲೋಕ ತುಪ್ಪದ ಕೊಡವೆನ್ನುತ್ತದೆ. ಕೊಡ ತುಪ್ಪದಿಂದ ಆದುದಲ್ಲ, ಮಣ್ಣಿನದು. ಆದರೂ ಆ ಮಾತಿನಿಂದ ಕೆಲಸ ನಡೆಯುತ್ತದೆ; ಹತ್ತು ಕೊಡಗಳ ನಡುವೆ ಬೇಕಾದುದನ್ನು ತರಲು ಅದು ನೆರವಾಗುತ್ತದೆ. ನದಿ ವ್ಯಕ್ತಿಯೆಂಬ ಕಾನೂನಿನ ಮಾತೂ ಇಂಥ ಉಪಚಾರವೇ. ಅದನ್ನು ಪರಮಾರ್ಥವೆಂದು ನಂಬಿದರೆ ದೋಷ. ಉಪಯೋಗಕ್ಕೆ ಬರುವಷ್ಟು ಮಾತ್ರ ಬಳಸಿದರೆ ದೋಷವಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ನದಿ ನಿಜವಾಗಿ ವ್ಯಕ್ತಿಯೇ ಎಂಬುದಲ್ಲ. ಹಾಗೆ ಕರೆದುದರಿಂದ ಕೆಲಸ ನಡೆಯಿತೇ ಎಂಬುದು.

ಉತ್ತರಾಖಂಡದಲ್ಲಿ ಆ ಮಾತು ಎಲ್ಲಿ ಎಡವಿತೆಂಬುದನ್ನು ನೋಡಬೇಕು. ನದಿ ತಾನೇ ಮಾತನಾಡಲಾರದಾದ್ದರಿಂದ ನ್ಯಾಯಾಲಯವು ಮೂವರು ಅಧಿಕಾರಿಗಳನ್ನು ಪಾಲಕರ ಸ್ಥಾನದಲ್ಲಿರಿಸಿತು: ನಮಾಮಿ ಗಂಗೆ ಯೋಜನೆಯ ನಿರ್ದೇಶಕರು, ರಾಜ್ಯದ ಮುಖ್ಯ ಕಾರ್ಯದರ್ಶಿ ಮತ್ತು ಅಡ್ವೊಕೇಟ್ ಜನರಲ್. ಭಕ್ತರು ತಾಯಿಯೆಂದು ಕರೆಯುವ ನದಿ ಕಾನೂನಿನಲ್ಲಿ ಪಾಲಕರ ಆಸರೆ ಬೇಕಾದ ಎಳೆಯ ಮಗುವಾಯಿತು. ಇನ್ನು ಆ ಪಾಲಕರಾದರೂ ಯಾರು? ನದಿಗೆ ಬೀಳುವ ಊರುಗಳ ಕೊಳಚೆಯನ್ನು ತಡೆಯಬೇಕಾದುದು ಸರ್ಕಾರ, ದಂಡೆಯ ಒತ್ತುವರಿಯನ್ನು ತೆರವುಗೊಳಿಸಬೇಕಾದುದು ಸರ್ಕಾರ. ಅದೇ ಸರ್ಕಾರದ ಅಧಿಕಾರಿಗಳು ನದಿಯ ಪರವಾಗಿ ಸರ್ಕಾರದ ಮೇಲೆ ದಾವೆ ಹೂಡಬೇಕಾಗಿತ್ತು. 1925ರ ತೀರ್ಪು ಕೇಳಿದ್ದ ನಿಷ್ಪಕ್ಷಪಾತಿ ಪ್ರತಿನಿಧಿ ಇಲ್ಲಿ ಇಲ್ಲವಾದನು. ಕಡೆಗೆ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದುದು ಆ ಪಾಲಕರ ರಾಜ್ಯ ಸರ್ಕಾರವೇ.

ಸರ್ಕಾರ ಎತ್ತಿದ ಪ್ರಶ್ನೆಗಳು ಹಗುರವಾದುವಲ್ಲ. ವ್ಯಕ್ತಿಗೆ ಹಕ್ಕಿನಂತೆ ಹೊಣೆಯೂ ಇದೆಯೆಂದು ತೀರ್ಪೇ ಹೇಳಿತ್ತು. ಹಾಗಾದರೆ ಪ್ರವಾಹದಲ್ಲಿ ಮನೆ, ಹೊಲ ಕಳೆದುಕೊಂಡವನು ನದಿಯ ಮೇಲೆ ದಾವೆ ಹೂಡಬಹುದೇ? ಹೂಡಿದರೆ ಪರಿಹಾರವನ್ನು ಕೊಡಬೇಕಾದವನು ಪಾಲಕನಾದ ಮುಖ್ಯ ಕಾರ್ಯದರ್ಶಿಯೇ? ಮನಸ್ಸೇ ಇಲ್ಲದ ಏಕೇಂದ್ರಿಯ ಜೀವಗಳ ಮೇಲೆ ಕರ್ತವ್ಯವನ್ನು ಹೊರಿಸಹೊರಟರೆ ಎಂಥ ತೊಡಕು ಹುಟ್ಟುತ್ತದೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಎರಡನೆಯ ಪ್ರಶ್ನೆ ಎಲ್ಲೆಯದು. ಗಂಗೆ ಉತ್ತರಾಖಂಡದಲ್ಲಿ ಹುಟ್ಟಿದರೂ ಉತ್ತರಪ್ರದೇಶ, ಬಿಹಾರ, ಪಶ್ಚಿಮ ಬಂಗಾಳಗಳನ್ನು ದಾಟಿ ಹರಿಯುತ್ತಾಳೆ. ಒಂದು ರಾಜ್ಯದ ಅಧಿಕಾರಿ ಮತ್ತೊಂದು ರಾಜ್ಯದಲ್ಲಿ ಹರಿಯುವ ನೀರಿಗೆ ಪಾಲಕನಾಗುವುದು ಹೇಗೆ?

ಈ ಎರಡನೆಯ ಪ್ರಶ್ನೆಯ ಭಾರ ಕನ್ನಡಿಗರಿಗೆ ಕಾವೇರಿಯಿಂದ ಚೆನ್ನಾಗಿ ತಿಳಿದಿದೆ. 2007ರಲ್ಲಿ ಕಾವೇರಿ ನ್ಯಾಯಮಂಡಳಿಯು ಸಾಧಾರಣ ಮಳೆಯ ವರ್ಷದಲ್ಲಿ ದೊರೆಯುವ ನೀರು 740 ಟಿಎಂಸಿ ಅಡಿಯೆಂದು ಎಣಿಸಿ, ಕರ್ನಾಟಕ, ತಮಿಳುನಾಡು, ಕೇರಳ, ಪುದುಚೇರಿಗಳಿಗೆ ಹಂಚಿತು. ಆ ಲೆಕ್ಕದಲ್ಲಿ ಪರಿಸರ ರಕ್ಷಣೆಗೆಂದು 10 ಟಿಎಂಸಿ, ಅನಿವಾರ್ಯವಾಗಿ ಕಡಲು ಸೇರುವುದೆಂದು 4 ಟಿಎಂಸಿ ಉಳಿಸಲಾಯಿತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 14.75 ಟಿಎಂಸಿಯಷ್ಟು ಹೆಚ್ಚಿಸಿ, ತಮಿಳುನಾಡಿನ ಪಾಲನ್ನು ಅಷ್ಟೇ ತಗ್ಗಿಸಿತು. ಆದರೆ ಈ ಹದಿನಾಲ್ಕು ಟಿಎಂಸಿಯನ್ನು ಮುಟ್ಟಲಿಲ್ಲ. ನೂರು ಕೊಡ ನೀರಿನಲ್ಲಿ ತೊಂಬತ್ತೆಂಟು ಮನುಷ್ಯರಿಗೆ, ಎರಡು ಮಾತ್ರ ಹೊಳೆಗೂ ಕಡಲಿಗೂ ಎಂದಂತಾಯಿತು.

ಇದನ್ನು ಎರಡು ಬಗೆಯಲ್ಲಿ ಓದಬಹುದು. ಕಾವೇರಿ ಕಾನೂನಿನ ವ್ಯಕ್ತಿಯಾಗಿದ್ದಿದ್ದರೆ ನಾಲ್ಕು ಕಕ್ಷಿಗಳ ನಡುವೆ ಐದನೆಯ ಆಸನವೊಂದಿರುತ್ತಿತ್ತು, ನೀರಿನ ಮತ್ತು ಮೀನಿನ ಪರವಾಗಿ ವಾದಿಸಲು ಒಬ್ಬ ವಕೀಲನಿರುತ್ತಿದ್ದನು ಎನ್ನಬಹುದು. ವ್ಯಕ್ತಿತ್ವದ ಪರವಾಗಿ ಹೇಳಬಹುದಾದ ಗಟ್ಟಿಯಾದ ಮಾತು ಇದೇ, ಅದನ್ನು ಒಪ್ಪಲೇಬೇಕು. ಇನ್ನೊಂದು ಬಗೆಯಲ್ಲಿ, ವ್ಯಕ್ತಿಯೆಂದು ಯಾರೂ ಘೋಷಿಸದಿದ್ದರೂ ಹೊಳೆಗೆ ಹತ್ತು ಟಿಎಂಸಿಯ ಪಾಲು ಎತ್ತಿಡಲಾಯಿತು ಎನ್ನಬಹುದು. ಹೊಳೆಗೆ ದೊರೆತುದು ಬಿರುದಿನಿಂದಲ್ಲ, ಬಳಸುವವರ ಪಾಲಿಗೆ ಮಿತಿಯನ್ನು ಹಾಕಿದುದರಿಂದ. ಅದು ಸಾಲದೆಂದರೆ ಹೆಚ್ಚಬೇಕಾದುದು ಆ ಮಿತಿ. ಶ್ರಾವಕನಿಗೆ ಇದು ಹೊಸ ವಿಚಾರವಲ್ಲ. ಭೋಗೋಪಭೋಗ ಪರಿಮಾಣವ್ರತವನ್ನು ಕೈಗೊಂಡವನು ತಾನು ಎಷ್ಟು ಬಳಸುವೆನೆಂದು ಮೊದಲೇ ಎಲ್ಲೆ ಹಾಕಿಕೊಳ್ಳುತ್ತಾನೆ. ಉಳಿದುದೆಲ್ಲ ಅವನ ಕೈಯಿಂದ ತಾನಾಗಿಯೇ ಸುರಕ್ಷಿತವಾಗುತ್ತದೆ.

ವ್ಯಕ್ತಿತ್ವ ಫಲಿಸಿದ ಕಡೆಯೂ ಒಂದುಂಟು. ನ್ಯೂಜಿಲೆಂಡಿನ ವಾಂಗನೂಯಿ ನದಿಗೆ ಕಾನೂನಿನ ವ್ಯಕ್ತಿತ್ವ ನೀಡಿದ ಶಾಸನವೂ ಅಂಗೀಕಾರದ ಮುದ್ರೆ ಪಡೆದುದು 2017ರ ಮಾರ್ಚ್ 20ರಂದೇ. ದಿನವೊಂದೇ ಆದರೂ ದಾರಿ ಬೇರೆ. ಅಲ್ಲಿ ಅದು ನ್ಯಾಯಾಲಯದ ಘೋಷಣೆಯಲ್ಲ. ನದಿಯನ್ನು ಪೂರ್ವಜನೆಂದು ಭಾವಿಸುವ ಮಾವೊರಿ ಕುಲಗಳೊಡನೆ ಸರ್ಕಾರ ನಡೆಸಿದ ಸುದೀರ್ಘ ಮಾತುಕತೆಯ ಫಲ. ಇಬ್ಬರು ಪಾಲಕರಲ್ಲಿ ಒಬ್ಬರನ್ನು ಕುಲಗಳೂ ಇನ್ನೊಬ್ಬರನ್ನು ಸರ್ಕಾರವೂ ಆರಿಸುತ್ತವೆ. ಸರ್ಕಾರದ ಒಡೆತನದಲ್ಲಿದ್ದ ನದೀತಳ ನದಿಯ ಹೆಸರಿಗೇ ಬಂದಿತು. ಮೂರು ಕೋಟಿ ಡಾಲರುಗಳ ನಿಧಿಯೂ ಸೇರಿತು. ಅಲ್ಲಿಯೂ ಹರಿಯುವ ನೀರಿನ ಒಡೆತನವನ್ನು ಶಾಸನ ಯಾರಿಗೂ ಕೊಡಲಿಲ್ಲ, ಖಾಸಗಿಯವರ ಹಳೆಯ ಹಕ್ಕುಗಳನ್ನು ಕಸಿಯಲಿಲ್ಲ. ಶ್ರದ್ಧೆ ಅಲ್ಲಿ ಆರಂಭವಾಗಿತ್ತು. ಆದರೆ ಕೆಲಸ ನಡೆಯುವಂತೆ ಮಾಡಿದುದು ಯಾರು ಮಾತನಾಡಬೇಕು, ಯಾವ ಹಣದಿಂದ ನಡೆಸಬೇಕು ಎಂಬ ತೀರ್ಮಾನ.

ಈಗ ಈ ವಿಚಾರವನ್ನು ಜೈನರ ಹೃದಯಕ್ಕೆ ಹತ್ತಿರವಾದ ಕ್ಷೇತ್ರಕ್ಕೆ ಅನ್ವಯಿಸಿ ನೋಡಬೇಕು. ಇಪ್ಪತ್ತು ತೀರ್ಥಂಕರರು ಮುಕ್ತರಾದ ಸಮ್ಮೇದಶಿಖರ ಜಾರ್ಖಂಡಿನ ಗಿರಿಡೀಹ್ ಜಿಲ್ಲೆಯಲ್ಲಿದೆ. ಪಾರಸನಾಥ ಬೆಟ್ಟವೆಂದು ಪ್ರಸಿದ್ಧ. ಅಲ್ಲಿ ಪ್ರವಾಸೋದ್ಯಮಕ್ಕೆ ದಾರಿಯಾಗುವುದೆಂಬ ಆತಂಕದಿಂದ 2022ರ ಕೊನೆಯಲ್ಲಿ ದೇಶದಾದ್ಯಂತ ಜೈನ ಸಮುದಾಯ ಬೀದಿಗಿಳಿಯಿತು. 2023ರ ಜನವರಿ 5ರಂದು ಕೇಂದ್ರ ಪರಿಸರ ಸಚಿವಾಲಯವು ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳನ್ನು ತಡೆಯಿತು. ಬೆಟ್ಟದಲ್ಲಿ ಮದ್ಯ, ಮಾದಕ ವಸ್ತು, ಗಟ್ಟಿಯಾದ ಸಂಗೀತ ಮುಂತಾದವುಗಳ ನಿಷೇಧವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ರಾಜ್ಯಕ್ಕೆ ಸೂಚಿಸಿತು. ಮೇಲ್ವಿಚಾರಣಾ ಸಮಿತಿಯಲ್ಲಿ ಜೈನ ಸಮುದಾಯದ ಇಬ್ಬರೂ ಸ್ಥಳೀಯ ಆದಿವಾಸಿ ಸಮುದಾಯದ ಒಬ್ಬರೂ ಇರಬೇಕೆಂದಿತು.

ಬೆಟ್ಟಕ್ಕೇ ವ್ಯಕ್ತಿಯ ಸ್ಥಾನ ಕೊಡಿಸಿದರೆ ಇಂಥ ಆತಂಕ ಮತ್ತೆ ಬಾರದೆಂದು ಕೆಲವರಿಗೆ ಅನ್ನಿಸುವುದು ಸಹಜ. ಆದರೆ ಆ ಬೆಟ್ಟದ ಪರವಾಗಿ ಮಾತನಾಡುವವರು ಯಾರು? ದಿಗಂಬರ, ಶ್ವೇತಾಂಬರರ ನಡುವೆ ಅಲ್ಲಿನ ಹಕ್ಕುಗಳ ಬಗ್ಗೆ ಹುಟ್ಟಿದ ವ್ಯಾಜ್ಯ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ 1933ರಲ್ಲಿ ತೀರ್ಪು ಕಂಡಿತ್ತು. ಸಂತಾಲರಿಗೆ ಅದೇ ಬೆಟ್ಟ ಮರಾಂಗ್ ಬುರು, ಅವರ ಆರಾಧ್ಯ ದೈವ. 2023ರ ಜನವರಿಯಲ್ಲಿಯೇ ಅವರೂ ತಮ್ಮ ಹಕ್ಕಿಗಾಗಿ ಅಲ್ಲಿ ಸೇರಿದ್ದರು. ಶ್ರದ್ಧೆಯೇ ವ್ಯಕ್ತಿತ್ವಕ್ಕೆ ಆಧಾರವೆಂದಾದರೆ ಮೂರು ಶ್ರದ್ಧೆಗಳು ಮೂವರು ಪಾಲಕರನ್ನು ನಿಲ್ಲಿಸುತ್ತವೆ. ಒಬ್ಬನನ್ನು ಆರಿಸಿದರೆ ಉಳಿದಿಬ್ಬರ ಬಾಯಿ ಕಟ್ಟುತ್ತದೆ. 2019ರ ಅಯೋಧ್ಯೆಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಅಪಾಯವನ್ನು ಗುರುತಿಸಿದೆ. ವಿಗ್ರಹರೂಪಿ ರಾಮಲಲ್ಲಾನನ್ನು ಕಾನೂನಿನ ವ್ಯಕ್ತಿಯೆಂದು ಒಪ್ಪಿದ ನ್ಯಾಯಾಲಯ, ಜನ್ಮಸ್ಥಾನವೆಂಬ ನೆಲಕ್ಕೆ ಆ ಸ್ಥಾನವನ್ನು ನಿರಾಕರಿಸಿತು. ನಂಬಿಕೆಯೊಂದರಿಂದಲೇ ನೆಲ ವ್ಯಕ್ತಿಯಾದರೆ ಆ ನೆಲದ ಮೇಲೆ ಬೇರೆಯವರಿಗಿರುವ ಹಕ್ಕುಗಳೆಲ್ಲ ಅಳಿದುಹೋಗುತ್ತವೆ ಎಂಬುದು ಅದರ ಕಾರಣ.

ಜೈನ ಸಿದ್ಧಾಂತವೂ ಇಲ್ಲಿ ನ್ಯಾಯಾಲಯದ ಎಚ್ಚರಿಕೆಗೆ ವಿರುದ್ಧವಾಗಿಲ್ಲ. ಸಮ್ಮೇದಶಿಖರ ಪೂಜ್ಯವಾದುದು ಕಲ್ಲು ದೇವರಾದುದರಿಂದಲ್ಲ. ಸಿದ್ಧರಾದವರ ಸಂಬಂಧದಿಂದ ಅದು ಕ್ಷೇತ್ರಮಂಗಳವಾಗಿದೆ. ಅಲ್ಲಿಗೆ ಹೋದ ಯಾತ್ರಿಕನ ಪರಿಣಾಮ ನಿರ್ಮಲವಾಗಬೇಕು ಎಂಬುದು ವಂದನೆಯ ಉದ್ದೇಶ. ಆ ಉದ್ದೇಶಕ್ಕೆ ಬೇಕಾದುದು ಮೌನ, ಮಿತಿ, ಕಾಡಿನ ಉಳಿವು. ಅದನ್ನು ಕೊಡಬಲ್ಲುದು ಮಾಡಬಾರದ ಕೆಲಸಗಳ ಸ್ಪಷ್ಟ ಪಟ್ಟಿ ಮತ್ತು ಅದನ್ನು ಜಾರಿಗೆ ತರುವ, ಸಂತಾಲರೂ ಕುಳಿತ ಸಮಿತಿ. ಪಟ್ಟಿ ಕಾಗದದಲ್ಲಿಯೇ ಉಳಿದರೆ ಅದನ್ನು ಪ್ರಶ್ನಿಸುವ ದಾರಿಯೂ ಸುಲಭ. ಬೆಟ್ಟ ವ್ಯಕ್ತಿಯೇ ಎಂಬ ವಾದದಲ್ಲಿ ವರ್ಷಗಳು ಕಳೆಯಬೇಕಾಗಿಲ್ಲ. ಅಲ್ಲದೆ ಯಾತ್ರಿಕರು ತಾವೇ ಎಸೆಯುವ ಪ್ಲಾಸ್ಟಿಕ್ಕನ್ನು ತಡೆಯಲು ಯಾವ ತೀರ್ಪಿಗೂ ಕಾಯಬೇಕಾಗಿಲ್ಲ.

ನೀರಿನ ವಿಷಯದಲ್ಲಿ ಈ ದೃಷ್ಟಿ ಎಷ್ಟು ಸೂಕ್ಷ್ಮವಾಗಬಲ್ಲುದೆಂಬುದಕ್ಕೆ ಶ್ರಾವಕರ ಮನೆಗಳಲ್ಲಿ ನೀರು ಸೋಸುವ ಕ್ರಮವೇ ಸಾಕ್ಷಿ. ದಪ್ಪನೆಯ ಬಟ್ಟೆಯನ್ನು ಎರಡು ಮಡಿಕೆಯಾಗಿಸಿ ನೀರನ್ನು ಸೋಸುತ್ತಾರೆ. ಸೋಸಿದ ಮೇಲೆ ಬಟ್ಟೆಯನ್ನು ಹಿಂಡಿ ಒಣಹಾಕುವುದಿಲ್ಲ. ಸೋಸಿದ ನೀರಿನಿಂದಲೇ ಅದನ್ನು ತೊಳೆದು, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ತ್ರಸಜೀವಗಳನ್ನು ನೀರು ಸೇದಿದ ಆ ಬಾವಿಗೋ ಹೊಳೆಗೋ ಮರಳಿ ಬಿಡುತ್ತಾರೆ. ಎತ್ತರದಿಂದ ಸುರಿಯದೆ, ನೀರಿನ ಮಟ್ಟಕ್ಕೆ ಇಳಿಸಿ ಮೆಲ್ಲನೆ ಬಿಡುತ್ತಾರೆ. ಒಂದು ಬಾವಿಯ ಜೀವ ಮತ್ತೊಂದು ನೀರಿನಲ್ಲಿ ಬದುಕಲಾರದೆಂಬ ವಿವೇಕ ಇದರ ಹಿಂದಿದೆ. ಸೋಸುವುದರಿಂದ ಜಲಕಾಯಿಕ ಜೀವಗಳ ಹಿಂಸೆ ತಪ್ಪುವುದಿಲ್ಲವೆಂಬುದೂ ಶ್ರಾವಕನಿಗೆ ಗೊತ್ತು. ಗೃಹಸ್ಥನಿಗೆ ಸ್ಥಾವರ ಹಿಂಸೆಯನ್ನು ಪೂರ್ತಿ ಬಿಡಲಾಗದು. ಆದ್ದರಿಂದಲೇ ಅನರ್ಥದಂಡ ತ್ಯಾಗದಲ್ಲಿ ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡವನ್ನು ಕತ್ತರಿಸುವುದು ಪ್ರಮಾದಚರ್ಯೆಯೆನಿಸಿದೆ.

ಆದರೆ ಇದರ ಮಿತಿಯನ್ನೂ ಹೇಳದಿದ್ದರೆ ನ್ಯಾಯವಾಗದು. ವ್ರತ ಅದನ್ನು ಕೈಗೊಂಡವನನ್ನು ಮಾತ್ರ ಕಟ್ಟುತ್ತದೆ. ಒಬ್ಬ ಶ್ರಾವಕ ಒಂದು ಕೊಡ ನೀರನ್ನು ಸೋಸುವ ಹೊತ್ತಿನಲ್ಲಿ ಒಂದು ಬಣ್ಣದ ಕಾರ್ಖಾನೆ ಸಾವಿರ ಕೊಡ ವಿಷವನ್ನು ಹೊಳೆಗೆ ಬಿಡಬಹುದು. ಅದನ್ನು ತಡೆಯುವ ಬಲ ವ್ರತಕ್ಕಿಲ್ಲ, ಕಾನೂನಿಗಿದೆ. ಆ ಬಲವನ್ನು ನದಿಗೆ ವ್ಯಕ್ತಿತ್ವ ಕೊಡುವ ಮೂಲಕ ತರುವುದಾದರೆ ತರಲಿ. ಆಗ ಪಾಲಕನು ನದಿಯನ್ನು ಕೆಡಿಸುವವನ ಅಧೀನದಲ್ಲಿರಬಾರದು. ನದಿ ಹರಿಯುವ ಎಲ್ಲ ರಾಜ್ಯಗಳಿಗೂ ಅನ್ವಯಿಸುವಂತೆ ಸಂಸತ್ತು ಶಾಸನ ಮಾಡಬೇಕು. ನದಿಯ ಮೇಲೆ ಹೊಣೆಯನ್ನು ಹೊರಿಸಬಾರದು. ಈ ಮೂರೂ ಇಲ್ಲದ ಘೋಷಣೆ ತುಪ್ಪವೇ ಇಲ್ಲದ ತುಪ್ಪದ ಕೊಡವಾಗುತ್ತದೆ.

ಅದರ ಜೊತೆಗೆ ಪೂಜ್ಯತೆಯನ್ನು ಹಕ್ಕಿನ ಆಧಾರವಾಗಿಸುವುದನ್ನು ಬಿಡುವುದು ಲೇಸು. ಗಂಗೆಯನ್ನು ತಾಯಿಯೆಂದು ಪೂಜಿಸುವವರ ಕೈಯಿಂದಲೇ ಗಂಗೆ ಮಲಿನಳಾದಳು. ಪಾಪವನ್ನು ತೊಳೆಯುವವಳಿಗೆ ತನ್ನ ಕೊಳೆಯೊಂದು ಭಾರವೇ ಎಂಬ ಭಾವನೆಗೆ ಪೂಜೆ ಎಡೆಗೊಡುತ್ತದೆ. ಜೀವವೆಂದು ತಿಳಿದವನಿಗೆ ಆ ಅವಕಾಶವಿಲ್ಲ. ಅವನ ಮುಂದಿರುವುದು ತನ್ನನ್ನು ಶುದ್ಧಗೊಳಿಸುವ ಶಕ್ತಿಯಲ್ಲ. ಬಿಸಿಗೂ ವಿಷಕ್ಕೂ ನೋಯುವ, ನೊಂದರೂ ಹೇಳಲಾರದ ಅಸಂಖ್ಯಾತ ಜೀವಗಳು. ಅವುಗಳ ಪರವಾಗಿ ಮಾತನಾಡಲು ನ್ಯಾಯಾಲಯ ಯಾರನ್ನಾದರೂ ನೇಮಿಸಲಿ, ನೇಮಿಸದಿರಲಿ. ಕೊಡವನ್ನು ನೀರಿಗಿಳಿಸುವ ಕೈ ಎಷ್ಟು ತೆಗೆದುಕೊಳ್ಳಬೇಕು, ಏನನ್ನು ಮರಳಿ ಬಿಡಬೇಕು ಎಂಬ ಪ್ರಶ್ನೆಗೆ ಆ ಕೈಯವನೇ ಉತ್ತರ ಹೇಳಬೇಕಾಗಿದೆ.